ಆಫರ್ ಲೆಟರ್‌ನ ಎಪ್ಪತ್ತೈದು ಸಾವಿರ ಖಾತೆಗೆ ಬರುವವರೆಗೆ

‘ಶಿಫ್ಟಿಂಗ್ ಖರ್ಚಿನ ಚಿಂತೆ ಬಿಡಿ ಮೇಡಂ, ಅದನ್ನೆಲ್ಲ ಕಂಪನಿ ನೋಡಿಕೊಳ್ಳುತ್ತೆ.’ ಬೇರೆ ಊರಿನ ಕೆಲಸಕ್ಕೆ ಆಯ್ಕೆಯಾದವರು ಫೋನಿನಲ್ಲಿ ಕೇಳುವ ಮಾತು ಇದು. ಹೇಳುವವರು ರಿಕ್ರೂಟರ್. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಅನೇಕ ಕಂಪನಿಗಳಲ್ಲಿ ಅಂಥದ್ದೊಂದು ಸೌಲಭ್ಯ ನಿಜವಾಗಿಯೂ ಇರುತ್ತದೆ. ಆದರೂ ಹೊಸ ಊರಿಗೆ ಬಂದು ಮೂರು ತಿಂಗಳಾದ ಮೇಲೆ ಲೆಕ್ಕ ಹಾಕಿದರೆ, ಹೇಳಿದ ಹಣದಲ್ಲಿ ಅರ್ಧವೂ ಬಂದಿಲ್ಲ ಎನ್ನುವವರು ಬಹಳ ಮಂದಿ ಸಿಗುತ್ತಾರೆ.

ಯಾರೂ ‘ಕೊಡುವುದಿಲ್ಲ’ ಎಂದು ಹೇಳಿರುವುದಿಲ್ಲ. ಮಾತು ಕೊಟ್ಟವರು ಒಂದು ವಿಭಾಗದವರು, ಹಣ ಕೊಡಬೇಕಾದವರು ಇನ್ನೊಂದು ವಿಭಾಗದವರು. ಅಭ್ಯರ್ಥಿ ಕೆಲಸಕ್ಕೆ ಸೇರಿದ ದಿನವೇ ರಿಕ್ರೂಟರ್ ಅವರ ಪಾಲಿನ ಕೆಲಸ ಮುಗಿಯುತ್ತದೆ, ಅವರು ಮುಂದಿನ ಹುದ್ದೆಗೆ ಜನ ಹುಡುಕಲು ಹೊರಡುತ್ತಾರೆ. ಕೆಲವೊಮ್ಮೆ ಅವರು ಕಂಪನಿಯ ನೌಕರರೇ ಆಗಿರುವುದಿಲ್ಲ, ಹೊರಗಿನ ಕನ್ಸಲ್ಟೆನ್ಸಿಯವರಾಗಿರುತ್ತಾರೆ. ಸಂಬಳ ಪಾವತಿಸುವ ಪೇರೋಲ್ ವಿಭಾಗಕ್ಕೆ ಫೋನಿನ ಮಾತು ಗೊತ್ತಿರುವುದಿಲ್ಲ. ಅವರ ಮುಂದಿರುವುದು ಆಫರ್ ಲೆಟರ್ ಮತ್ತು ಕಂಪನಿಯ ಪಾಲಿಸಿ, ಇವೆರಡೇ.

ಈ ಎರಡರ ನಡುವೆ ಹಣ ಎಲ್ಲೆಲ್ಲಿ ಸೋರುತ್ತದೆ ಎಂಬುದು ಒಂದು ಉದಾಹರಣೆಯಲ್ಲಿ ಚೆನ್ನಾಗಿ ಕಾಣುತ್ತದೆ. ಹುಬ್ಬಳ್ಳಿಯ ಒಬ್ಬ ಎಂಜಿನಿಯರ್‌ಗೆ ಪುಣೆಯಲ್ಲಿ ಕೆಲಸ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಜೊತೆಗೆ ಗಂಡ, ಐದು ವರ್ಷದ ಮಗು. ಆಫರ್ ಲೆಟರ್‌ನ ಮೂರನೇ ಪುಟದಲ್ಲಿ ಒಂದು ಸಣ್ಣ ಪ್ಯಾರಾ ಇದೆ: ಸ್ಥಳಾಂತರ ವೆಚ್ಚವನ್ನು ಗರಿಷ್ಠ 75,000 ರೂಪಾಯಿವರೆಗೆ, ಬಿಲ್‌ಗಳ ಆಧಾರದ ಮೇಲೆ, ಕಂಪನಿಯ ಪಾಲಿಸಿಯಂತೆ ಭರಿಸಲಾಗುವುದು, ಸೇರಿದ 60 ದಿನಗಳೊಳಗೆ ಕ್ಲೇಮ್ ಸಲ್ಲಿಸಬೇಕು, 12 ತಿಂಗಳೊಳಗೆ ಕೆಲಸ ಬಿಟ್ಟರೆ ಹಣ ಮರಳಿಸಬೇಕು.

ಮನೆಯಲ್ಲಿ ಎಲ್ಲರೂ ಇದನ್ನು ‘ಎಪ್ಪತ್ತೈದು ಸಾವಿರ ಕೊಡ್ತಾರೆ’ ಎಂದೇ ಓದಿಕೊಳ್ಳುತ್ತಾರೆ. ಪತ್ರ ಹಾಗೆ ಹೇಳಿಲ್ಲ. ‘ಗರಿಷ್ಠ’ ಎಂದರೆ ಖರ್ಚಾದಷ್ಟೇ ಸಿಗುತ್ತದೆ, ಅದಕ್ಕೆ ಮೇಲ್ಮಿತಿ 75,000. ‘ಬಿಲ್‌ಗಳ ಆಧಾರದ ಮೇಲೆ’ ಎಂದರೆ ಬಿಲ್ ಇಲ್ಲದ ಖರ್ಚು ಖರ್ಚೇ ಅಲ್ಲ. ಎಲ್ಲಕ್ಕಿಂತ ತೊಡಕಿನದು ‘ಪಾಲಿಸಿಯಂತೆ’ ಎಂಬ ಪದ. ಯಾವ ಖರ್ಚು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದೆಲ್ಲ ಆ ಪಾಲಿಸಿಯಲ್ಲಿದೆ. ಅದು ಇರುವುದು ಕಂಪನಿಯ ಒಳಗಿನ ಜಾಲತಾಣದಲ್ಲಿ. ಕೆಲಸಕ್ಕೆ ಸೇರುವವರೆಗೆ ಅಭ್ಯರ್ಥಿಗೆ ಅದನ್ನು ತೆರೆಯಲಾಗದು. ಆದರೆ ಖರ್ಚಿನ ಬಹುಪಾಲು ಆಗುವುದು ಸೇರುವ ಮೊದಲೇ.

ಆದ್ದರಿಂದ ಫಾಲೋಅಪ್ ಶುರುವಾಗಬೇಕಾದದ್ದು ಸೇರಿದ ಮೇಲಲ್ಲ. ಆಫರ್ ಒಪ್ಪಿದ ಮೇಲೆ, ಹಳೆಯ ಕಂಪನಿಗೆ ರಾಜೀನಾಮೆ ಕೊಡುವ ಮೊದಲು. ಅಭ್ಯರ್ಥಿಯ ಮಾತಿಗೆ ಅತಿ ಹೆಚ್ಚು ಬೆಲೆ ಇರುವುದು ಆ ಕೆಲವೇ ದಿನಗಳಲ್ಲಿ. ಕಂಪನಿಗೆ ಆಕೆ ಬೇಕು, ಆಕೆ ಇನ್ನೂ ಹಳೆಯ ಕೆಲಸ ಬಿಟ್ಟಿಲ್ಲ. ಆಗ ಒಂದು ಮೇಲ್ ಬರೆದರೆ ಅದೇ ದಿನ ಉತ್ತರ ಬರುತ್ತದೆ. ಸೇರಿದ ಮೇಲೆ ಅದೇ ಪ್ರಶ್ನೆಗೆ ಟಿಕೆಟ್ ನಂಬರ್ ಬರುತ್ತದೆ.

ಆ ಮೇಲ್ ಉದ್ದವಿರಬೇಕಿಲ್ಲ. ‘ನಮ್ಮ ಫೋನ್ ಮಾತುಕತೆಯಲ್ಲಿ ನೀವು ತಿಳಿಸಿದಂತೆ’ ಎಂದು ಶುರು ಮಾಡಿ, ಹೇಳಿದ ಮೊತ್ತವನ್ನು ಅಂಕಿಯಲ್ಲಿ ಬರೆದು, ಕೆಲವು ಪ್ರಶ್ನೆ ಕೇಳಿದರೆ ಸಾಕು. ಕುಟುಂಬದವರ ಪ್ರಯಾಣ ಸೇರಿದೆಯೇ? ಮನೆ ಸಿಗುವವರೆಗೆ ಎಷ್ಟು ದಿನದ ವಸತಿ? ಬ್ರೋಕರ್ ಕಮಿಷನ್ ಕೊಡುತ್ತೀರಾ? ಬಿಲ್ ನನ್ನ ಹೆಸರಿನಲ್ಲಿ ಇರಬೇಕೇ, ಕಂಪನಿಯ ಹೆಸರಿನಲ್ಲಿ ಇರಬೇಕೇ? ಈ ಹಣಕ್ಕೆ ಟಿಡಿಎಸ್ ಕಡಿಯುತ್ತೀರಾ? ಕೊನೆಗೆ, ಪಾಲಿಸಿಯ ಆ ಪುಟದ ಪ್ರತಿ ಕಳಿಸಿ ಎಂಬ ವಿನಂತಿ. ಎಚ್‌ಆರ್ ವಿಭಾಗದ ಒಬ್ಬರಿಗೆ ಅದರ ಪ್ರತಿ ಹೋಗಬೇಕು. ಕನ್ಸಲ್ಟೆನ್ಸಿಯವರ ಜಿಮೇಲ್‌ನಿಂದ ಬಂದ ‘ಹೌದು’ಗೆ ಕಂಪನಿಯ ಅಧಿಕೃತ ವಿಳಾಸದಿಂದ ಬಂದ ‘ಹೌದು’ಗಿರುವ ತೂಕ ಇರುವುದಿಲ್ಲ.

ಇಮೇಲ್‌ನಲ್ಲಿ ಆದ ಒಪ್ಪಂದಕ್ಕೆ ಬೆಲೆ ಇದೆಯೇ ಎಂದು ಕೆಲವರು ಕೇಳುತ್ತಾರೆ. ಇದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಪ್ರಕಾರ, ವಿದ್ಯುನ್ಮಾನ ರೂಪದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಒಪ್ಪಂದ ಅಸಿಂಧುವಾಗುವುದಿಲ್ಲ. ಆದರೆ ಒಂದು ಎಚ್ಚರ ಬೇಕು. ಬಹಳಷ್ಟು ನೇಮಕಾತಿ ಪತ್ರಗಳ ಕೊನೆಯಲ್ಲಿ ‘ಇದಕ್ಕೂ ಮೊದಲು ನಡೆದ ಎಲ್ಲ ಮಾತುಕತೆ, ಭರವಸೆಗಳ ಜಾಗದಲ್ಲಿ ಈ ಪತ್ರವೇ ಅಂತಿಮ’ ಎಂಬ ಸಾಲು ಇರುತ್ತದೆ. ಸೇರುವ ದಿನ ನಲವತ್ತು ಕಾಗದಗಳ ನಡುವೆ ಅದಕ್ಕೂ ಸಹಿ ಬೀಳುತ್ತದೆ. ಸ್ಥಳಾಂತರದ ವಿಷಯ ಆಫರ್ ಲೆಟರ್‌ನಲ್ಲಿದ್ದು ನೇಮಕಾತಿ ಪತ್ರದಲ್ಲಿ ಇಲ್ಲದಿದ್ದರೆ, ಸಹಿ ಹಾಕುವ ಮೊದಲೇ ‘ಇದನ್ನೂ ಸೇರಿಸಿ, ಅಥವಾ ಆಫರ್ ಲೆಟರ್‌ನ ಆ ಅಂಶ ಊರ್ಜಿತದಲ್ಲಿದೆ ಎಂದು ಮೇಲ್ ಮಾಡಿ’ ಎಂದು ಕೇಳಬೇಕು.

ಮತ್ತೆ ಹುಬ್ಬಳ್ಳಿಯ ಕುಟುಂಬದ ಲೆಕ್ಕಕ್ಕೆ ಬರೋಣ. ರೈಲು ಟಿಕೆಟ್‌ಗೆ 2,600 ರೂಪಾಯಿ. ಪ್ಯಾಕರ್ಸ್‌ನವರಿಗೆ 36,000, ಅದರ ಮೇಲೆ ಶೇ 18 ಜಿಎಸ್‌ಟಿ 6,480, ಒಟ್ಟು 42,480. ಪುಣೆಯಲ್ಲಿ ಮನೆ ಸಿಗುವವರೆಗೆ ದಿನಕ್ಕೆ 1,800ರಂತೆ 12 ದಿನ ಸರ್ವೀಸ್ ಅಪಾರ್ಟ್‌ಮೆಂಟ್, 21,600. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, 24,000. ಒಟ್ಟು 90,680. ಮನೆ ಮಾಲೀಕರಿಗೆ ಕೊಟ್ಟ ಅಡ್ವಾನ್ಸ್ ಮತ್ತು ಮಗುವಿನ ಶಾಲೆಯ ಪ್ರವೇಶ ಶುಲ್ಕ ಇದರಲ್ಲಿಲ್ಲ. ಅಡ್ವಾನ್ಸ್ ವಾಪಸ್ ಬರುವ ಹಣವಾದ್ದರಿಂದ ಸಾಮಾನ್ಯವಾಗಿ ಯಾವ ಕಂಪನಿಯೂ ಅದನ್ನು ಖರ್ಚೆಂದು ಒಪ್ಪುವುದಿಲ್ಲ. ಶಾಲೆಯ ಶುಲ್ಕವೂ ಹೆಚ್ಚಿನ ಪಾಲಿಸಿಗಳಲ್ಲಿ ಹೊರಗೇ ಉಳಿಯುತ್ತದೆ.

ಮೇಲ್ಮಿತಿ ದಾಟಿದ 15,680 ರೂಪಾಯಿ ಕೈಯಿಂದಲೇ ಹೋಗುತ್ತದೆ ಎಂದು ಮನೆಯವರಿಗೆ ಗೊತ್ತಿತ್ತು. ಉಳಿದ 75,000 ಬಂದೇ ಬರುತ್ತದೆ ಎಂದುಕೊಂಡಿದ್ದರು. ಮೊದಲ ಸುತ್ತಿನಲ್ಲಿ ಮಂಜೂರಾದದ್ದು 24,200 ಮಾತ್ರ, ಅಂದರೆ ರೈಲು ಟಿಕೆಟ್ ಮತ್ತು ವಸತಿಯ ಹಣ.

ಪ್ಯಾಕರ್ಸ್ ಬಿಲ್ ತಿರಸ್ಕಾರವಾದದ್ದು ಏಕೆಂದರೆ, ಲಾರಿ ಬುಕ್ ಮಾಡಿದವರು ಗಂಡ. ಬಿಲ್ ಅವರ ಹೆಸರಿನಲ್ಲಿತ್ತು. ನೌಕರಳ ಹೆಸರು ಎಲ್ಲಿಯೂ ಇಲ್ಲದ ಬಿಲ್ಲನ್ನು ಅಕೌಂಟ್ಸ್‌ನವರು ಒಪ್ಪಲಿಲ್ಲ. ಬ್ರೋಕರ್‌ಗೆ ಯುಪಿಐ ಮೂಲಕ ಹಣ ಹೋಗಿತ್ತು, ರಸೀದಿ ಪಡೆದಿರಲಿಲ್ಲ. ಮೊಬೈಲ್‌ನ ಸ್ಕ್ರೀನ್‌ಶಾಟ್ ಹಣ ಹೋಗಿದ್ದನ್ನು ಹೇಳುತ್ತದೆ, ಯಾತಕ್ಕಾಗಿ ಹೋಯಿತೆಂದು ಹೇಳುವುದಿಲ್ಲ.

ಸಾಮಾನು ಸಾಗಣೆಯ ಬಿಲ್ಲನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಕ್ಲೇಮ್‌ನ ದೊಡ್ಡ ಮೊತ್ತ ಅದೇ. ಒಪ್ಪಿಗೆಯಾಗುವ ಬಿಲ್‌ನಲ್ಲಿ ನೌಕರರ ಪೂರ್ಣ ಹೆಸರು, ಎಲ್ಲಿಂದ ಎಲ್ಲಿಗೆ ಎಂಬ ಎರಡೂ ವಿಳಾಸ, ದಿನಾಂಕ, ಬಿಲ್ ಸಂಖ್ಯೆ, ಸಾಗಣೆಯವರ ಜಿಎಸ್‌ಟಿ ಸಂಖ್ಯೆ ಇರುತ್ತವೆ. ಜೊತೆಗೆ ಲಾರಿಯ ಬಿಲ್ಟಿ, ಅಂದರೆ ಸಾಮಾನಿನ ಪಟ್ಟಿ ಮತ್ತು ವಾಹನದ ನಂಬರ್ ಇರುವ ಕಾಗದ. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ-ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. ಆ ಸಂಖ್ಯೆಯನ್ನು gst.gov.in ತಾಣದಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಕಂಪನಿಯ ಅಕೌಂಟ್ಸ್‌ನವರು ಮಾಡುವುದೂ ಅದನ್ನೇ. ಸಾಮಾನು ಏರಿಸುವ ಮೊದಲೇ ನಾವು ನೋಡಿಕೊಂಡರೆ, ನಕಲಿ ಪ್ಯಾಕರ್ಸ್‌ನವರ ಕೈಗೆ ಸಿಗುವ ಅಪಾಯವೂ ಕಡಿಮೆಯಾಗುತ್ತದೆ.

‘ನಲವತ್ತು ಸಾವಿರ ಕೊಡಿ, ಅರವತ್ತರ ಬಿಲ್ ಮಾಡಿಕೊಡ್ತೀನಿ’ ಎನ್ನುವ ಸಾಗಣೆಯವರೂ ಇದ್ದಾರೆ. ಆ ದಾರಿ ಹಿಡಿಯಲೇಬಾರದು. ಕಂಪನಿಗಳು ಇದನ್ನು ಸುಳ್ಳು ಕ್ಲೇಮ್ ಎಂದು ಪರಿಗಣಿಸಿ ಕೆಲಸದಿಂದ ತೆಗೆಯುತ್ತವೆ. ಇಪ್ಪತ್ತು ಸಾವಿರದ ಆಸೆಗೆ ಹೊಸ ಕೆಲಸವೂ ಮುಂದಿನ ಕೆಲಸದ ಹಿನ್ನೆಲೆ ತಪಾಸಣೆಯೂ ಹಾಳಾಗುತ್ತವೆ.

ಬಿಲ್‌ನ ಹೆಸರು ತಪ್ಪಿದ್ದರೆ ಸರಿಪಡಿಸಬಹುದು, ಆದರೆ ತಡಮಾಡುವಂತಿಲ್ಲ. ಸಾಗಣೆಯವರು ಆ ಅವಧಿಯ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಮೊದಲು ಕೇಳಿದರೆ ಹಳೆಯದನ್ನು ರದ್ದುಮಾಡಿ ಹೊಸ ಬಿಲ್ ಕೊಡುವುದು ಅವರಿಗೆ ಸುಲಭ. ಆಮೇಲೆ ಕ್ರೆಡಿಟ್ ನೋಟ್‌ನ ಗೋಜಲು, ಅವರು ಫೋನ್ ಎತ್ತುವುದನ್ನೇ ಬಿಡುತ್ತಾರೆ. ಬಿಲ್ ಬದಲಿಸಲಾಗದಿದ್ದರೆ, ಗಂಡನ ಹೆಸರಿನ ಬಿಲ್ ಜೊತೆ ಮದುವೆ ನೋಂದಣಿ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಒಂದು ಸ್ವಯಂ ಘೋಷಣೆ ಕೊಟ್ಟು ವಿನಾಯಿತಿ ಕೇಳಬಹುದು. ಕೆಲವು ಕಂಪನಿಗಳು ಒಪ್ಪುತ್ತವೆ. ಬ್ರೋಕರ್‌ನಿಂದಲೂ ಅವರ ಹೆಸರು, ಪ್ಯಾನ್, ಮನೆಯ ವಿಳಾಸ, ಮೊತ್ತ ಬರೆದ ರಸೀದಿ ಆಮೇಲೆ ಪಡೆಯಬಹುದು.

ಇಲ್ಲಿ ಶ್ರಮ ಎಲ್ಲಿ ಹಾಕಬೇಕು ಎಂಬುದನ್ನೂ ಯೋಚಿಸಬೇಕು. ಸಾಗಣೆಯ ಬಿಲ್ ಸರಿಯಾದರೆ ಕ್ಲೇಮ್ 24,200ರಿಂದ 66,680ಕ್ಕೆ ಏರುತ್ತದೆ. ಅದರ ಮೇಲೆ ಬ್ರೋಕರ್‌ನ 24,000 ಸೇರಿಸಿದರೂ ಮೇಲ್ಮಿತಿಯಿಂದಾಗಿ ಸಿಗುವುದು ಇನ್ನು 8,320 ಮಾತ್ರ. ಸಮಯ ಕಡಿಮೆ ಇದ್ದರೆ ಮೊದಲು ಲಾರಿಯವರ ಹಿಂದೆ ಬೀಳಬೇಕು.

ಸಮಯದ ಮಾತು ಬಂತು. ಆಕೆ ಕೆಲಸಕ್ಕೆ ಸೇರಿದ್ದು ಜೂನ್ 3ರಂದು ಎಂದುಕೊಂಡರೆ, 60 ದಿನದ ಗಡುವು ಆಗಸ್ಟ್ 2ಕ್ಕೆ ಮುಗಿಯುತ್ತದೆ. ಕಾಗದದ ಮೇಲೆ ಎರಡು ತಿಂಗಳು ಧಾರಾಳವೆನಿಸುತ್ತದೆ. ಆದರೆ ಎಂಪ್ಲಾಯಿ ಕೋಡ್ ಬಂದು ಕ್ಲೇಮ್ ಪೋರ್ಟಲ್ ತೆರೆದುಕೊಳ್ಳಲು ಒಂದೆರಡು ವಾರ ಬೇಕಾಗುತ್ತದೆ. ತೆರೆದರೂ ಅಲ್ಲಿ ‘ಪ್ರವಾಸ’, ‘ಇಂಟರ್‌ನೆಟ್’ ಎಂಬ ಶೀರ್ಷಿಕೆಗಳಿರುತ್ತವೆ, ‘ಸ್ಥಳಾಂತರ’ ಎಂಬುದು ಇರುವುದಿಲ್ಲ. ಅದನ್ನು ಎಚ್‌ಆರ್‌ನವರು ಆಯಾ ನೌಕರರ ಹೆಸರಿಗೆ ಬೇರೆಯಾಗಿ ತೆರೆದುಕೊಡಬೇಕು. ಯಾರೂ ನೆನಪಿಸದಿದ್ದರೆ ಅದು ತೆರೆಯುವುದೇ ಇಲ್ಲ. ಕ್ಲೇಮ್ ಹಾಕಿದ ಮೇಲೆ ಮ್ಯಾನೇಜರ್ ಒಪ್ಪಬೇಕು. ಹಲವು ಕಡೆ ಈ ಖರ್ಚು ಅವರ ವಿಭಾಗದ ಬಜೆಟ್‌ನಿಂದಲೇ ಹೋಗುವುದರಿಂದ, ವಿಷಯ ಗೊತ್ತಿಲ್ಲದ ಮ್ಯಾನೇಜರ್ ಬಟನ್ ಒತ್ತಲು ಹಿಂಜರಿಯುತ್ತಾರೆ. ಇನ್ನು ಪೇರೋಲ್‌ಗೆ ತನ್ನದೇ ಕಟ್‌ಆಫ್ ಉಂಟು. ಆ ತಿಂಗಳ 20ರ ನಂತರ ಒಪ್ಪಿಗೆಯಾದ ಕ್ಲೇಮ್ ಮುಂದಿನ ತಿಂಗಳ ಸಂಬಳದಲ್ಲೇ ಬರುವುದು ಎಂದಿಟ್ಟುಕೊಳ್ಳಿ. ಜುಲೈ 18ಕ್ಕೆ ಹಾಕಿದ ಕ್ಲೇಮ್, ಮ್ಯಾನೇಜರ್ ಮೂರು ದಿನ ರಜೆ ಹಾಕಿದ್ದರಿಂದ ಜುಲೈ ಸಂಬಳಕ್ಕೆ ತಪ್ಪಿತು. ಜುಲೈ 28ಕ್ಕೆ ‘ಬಿಲ್ ಹೆಸರು ಹೊಂದಿಕೆಯಾಗುತ್ತಿಲ್ಲ’ ಎಂದು ವಾಪಸ್ ಬಂತು. ಗಡುವಿಗೆ ಉಳಿದದ್ದು ಐದೇ ದಿನ.

ಹೀಗಾಗಿ ಸೇರಿದ ಮೊದಲ ವಾರದಲ್ಲೇ ಎರಡನೇ ಮೇಲ್ ಹೋಗಬೇಕು, ಈ ಸಲ ಎಚ್‌ಆರ್ ಆಪರೇಷನ್ಸ್‌ನವರಿಗೆ. ಆಫರ್ ಲೆಟರ್‌ನ ಆ ಪುಟ ಲಗತ್ತಿಸಿ, ‘ಕ್ಲೇಮ್ ಯಾವ ಶೀರ್ಷಿಕೆಯಲ್ಲಿ ಹಾಕಬೇಕು, ಯಾರು ಒಪ್ಪಬೇಕು, ಈ ತಿಂಗಳ ಕಟ್‌ಆಫ್ ಯಾವತ್ತು’ ಎಂದಷ್ಟೇ ಕೇಳಬೇಕು. ಮ್ಯಾನೇಜರ್‌ಗೂ ಬಾಯಿಮಾತಿನಲ್ಲಿ ಒಮ್ಮೆ ತಿಳಿಸಿಡುವುದು ಒಳ್ಳೆಯದು. ಹೊಸದಾಗಿ ಸೇರಿ ತಕ್ಷಣ ಹಣ ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ನಮ್ಮವರಲ್ಲಿ ಬಹಳ. ಆ ಸಂಕೋಚಕ್ಕೆ ಇಲ್ಲಿ ಜಾಗವಿಲ್ಲ. ಇದು ಕಂಪನಿ ಬರೆದುಕೊಟ್ಟ ಹಣ, ಮ್ಯಾನೇಜರ್‌ಗಳು ಇಂಥ ಕ್ಲೇಮ್‌ಗಳನ್ನು ವರ್ಷವಿಡೀ ನೋಡುತ್ತಿರುತ್ತಾರೆ.

ಕ್ಲೇಮ್ ತಿರುಗಿ ಬಂದರೆ ಹೊಸ ಕ್ಲೇಮ್ ಹಾಕದೆ ಹಳೆಯ ಸಂಖ್ಯೆಯಲ್ಲೇ ತಿದ್ದಿ ಸಲ್ಲಿಸುವುದು ಮುಖ್ಯ. ಮೊದಲು ಸಲ್ಲಿಸಿದ ದಿನಾಂಕ ಉಳಿಯುವುದು ಹಾಗೆ. ಬಿಲ್ ಸರಿಯಾಗಲು ತಡವಾಗುವಂತಿದ್ದರೆ ಗಡುವು ಮುಗಿಯುವ ಮೊದಲೇ ‘ಕ್ಲೇಮ್ ಸಲ್ಲಿಸಿದ್ದೇನೆ, ತಿದ್ದಿದ ಬಿಲ್ ಬರಬೇಕಿದೆ, ಇಂಥ ದಿನದವರೆಗೆ ಸಮಯ ಕೊಡಿ’ ಎಂದು ಬರೆದು ಒಪ್ಪಿಗೆ ಪಡೆಯಬೇಕು. ಗಡುವಿನ ಮೊದಲು ಕೇಳಿದ ಸಮಯ ಸಾಮಾನ್ಯವಾಗಿ ಸಿಗುತ್ತದೆ. ಮರುದಿನ ಕೇಳಿದರೆ ಅದು ವಿನಾಯಿತಿಯ ಅರ್ಜಿಯಾಗಿ ಮೇಲಿನವರ ಟೇಬಲ್‌ಗೆ ಹೋಗುತ್ತದೆ.

ಹಳೆಯ ಕಂಪನಿಗೆ ನೋಟಿಸ್ ಪೀರಿಯಡ್‌ನ ಹಣ ಕಟ್ಟಿ ಬೇಗ ಬಂದವರಿಗೆ ಈ ಗಡುವು ಇನ್ನೂ ಬಿಗಿ. ಆ ಹಣವನ್ನು ನಾವು ಕೊಡುತ್ತೇವೆ ಎಂದು ಹೊಸ ಕಂಪನಿ ಹೇಳಿದ್ದರೂ, ಅದಕ್ಕೆ ದಾಖಲೆಯಾಗಿ ಹಳೆಯ ಕಂಪನಿಯ ಫೈನಲ್ ಸೆಟ್ಲ್‌ಮೆಂಟ್ ಪಟ್ಟಿ ಕೇಳುತ್ತದೆ. ಅದು ಬರಲು ಒಂದೂವರೆ, ಎರಡು ತಿಂಗಳು ಹಿಡಿಯುವ ಕಂಪನಿಗಳಿವೆ. ಗಡುವನ್ನು ಸೇರಿದ ದಿನದಿಂದಲ್ಲ, ಸೆಟ್ಲ್‌ಮೆಂಟ್ ಪಟ್ಟಿ ಕೈಸೇರಿದ ದಿನದಿಂದ ಎಣಿಸಿ ಎಂದು ಮೊದಲೇ ಬರೆಸಿಕೊಂಡರೆ ಈ ತಾಪತ್ರಯವಿಲ್ಲ.

ಇನ್ನು ತೆರಿಗೆ. ಬಿಲ್‌ಗಳ ರಗಳೆ ಬೇಡವೆಂದು ಕೆಲವು ಕಂಪನಿಗಳು 75,000ವನ್ನು ಒಂದೇ ಗಂಟಾಗಿ ಮೊದಲ ಸಂಬಳದ ಜೊತೆ ಕೊಡುತ್ತವೆ. ಕೇಳಲು ಚೆಂದ. ಆದರೆ ಅದು ಸಂಬಳದ ಲೆಕ್ಕಕ್ಕೆ ಸೇರಿ ಟಿಡಿಎಸ್ ಕಡಿತವಾಗುತ್ತದೆ. ಶೇ 20ರ ಸ್ಲ್ಯಾಬ್‌ನಲ್ಲಿರುವವರಿಗೆ ಸೆಸ್ ಸೇರಿ 20.8, ಅಂದರೆ 15,600 ರೂಪಾಯಿ ಹೋಗಿ ಕೈಗೆ ಬರುವುದು 59,400. ಶೇ 30ರ ಸ್ಲ್ಯಾಬ್ ಆದರೆ 51,600. ಜಾಯಿನಿಂಗ್ ಬೋನಸ್‌ಗೂ ಇದೇ ಗತಿ. ಬಿಲ್ ಕೊಟ್ಟು ಪಡೆಯುವ ಹಣದ ವಿಷಯದಲ್ಲಿ ಕಂಪನಿಗಳು ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಆದಾಯ ತೆರಿಗೆಯ ವಿನಾಯಿತಿ ನಿಯಮ ಮಾತನಾಡುವುದು ಕೆಲಸದಲ್ಲಿರುವವರ ವರ್ಗಾವಣೆಯ ಬಗ್ಗೆ, ಅದರ ಪ್ರಯಾಣ ಹಾಗೂ ಸಾಮಾನು ಸಾಗಣೆಯ ಬಗ್ಗೆ. ಹೊಸದಾಗಿ ಸೇರುವವರು ಅದರಡಿ ಬರುತ್ತಾರೆಯೇ ಎಂಬ ಅನುಮಾನದಿಂದ ಎಚ್ಚರಿಕೆಯ ಕಂಪನಿಗಳು ಟಿಡಿಎಸ್ ಕಡಿಯುತ್ತವೆ, ಉಳಿದವು ಕಡಿಯುವುದಿಲ್ಲ. ಕೆಲವು ಕಂಪನಿಗಳು ಆ ತೆರಿಗೆಯನ್ನೂ ತಾವೇ ಭರಿಸುತ್ತವೆ. ರಾಜೀನಾಮೆಗೆ ಮುಂಚಿನ ಮೇಲ್‌ನಲ್ಲಿ ಟಿಡಿಎಸ್ ಪ್ರಶ್ನೆ ಇರಬೇಕೆಂದು ಹೇಳಿದ್ದು ಇದಕ್ಕೇ.

ಈ ತೆರಿಗೆ ಇನ್ನೊಂದು ಕಡೆ ಬಂದು ಕಚ್ಚುತ್ತದೆ. ಹತ್ತು ತಿಂಗಳಿಗೆ ಕೆಲಸ ಬಿಟ್ಟರೆ ಕಂಪನಿ ವಾಪಸ್ ಕೇಳುವುದು 75,000, ಕೈಗೆ ಬಂದ 59,400 ಅಲ್ಲ. ಅದೇ ಆರ್ಥಿಕ ವರ್ಷದೊಳಗಾದರೆ ಪೇರೋಲ್‌ನವರು ತೆರಿಗೆಯನ್ನು ಸರಿಹೊಂದಿಸಬಹುದು. ನಡುವೆ ಮಾರ್ಚ್ 31 ದಾಟಿದ್ದರೆ, ಹಿಂದಿನ ವರ್ಷ ಕಟ್ಟಿದ ತೆರಿಗೆಯನ್ನು ಮರಳಿ ಪಡೆಯುವುದು ಬಲು ಕಷ್ಟ. ಅದಕ್ಕಾಗಿ ಆಫರ್ ಒಪ್ಪುವಾಗಲೇ ಎರಡು ಮಾತು ಕೇಳಿಕೊಳ್ಳಬೇಕು: ಮರುಪಾವತಿ ಕೈಗೆ ಬಂದ ಮೊತ್ತದ ಮೇಲೆಯೇ? ದುಡಿದ ತಿಂಗಳುಗಳನ್ನು ಕಳೆಯುತ್ತೀರಾ? ತಿಂಗಳ ಲೆಕ್ಕದಲ್ಲಿ ಕಳೆಯುವ ಷರತ್ತಿದ್ದರೆ ಒಂಬತ್ತು ತಿಂಗಳು ದುಡಿದು ಹೊರಟವರು ಕೊಡಬೇಕಾದದ್ದು 18,750 ಮಾತ್ರ. ಹಾಗೆ ಬರೆದಿಲ್ಲದಿದ್ದರೆ ಪೂರ್ತಿ 75,000. ಇಂಥ ಷರತ್ತುಗಳನ್ನು ಕೋರ್ಟ್ ಒಪ್ಪುವುದಿಲ್ಲ ಎಂದು ಗೆಳೆಯರು ಧೈರ್ಯ ಹೇಳುವುದುಂಟು. ಅದನ್ನು ನಂಬಿ ಕೂರಬಾರದು. ಮೂರು ವರ್ಷಕ್ಕೆ ಮೊದಲು ಕೆಲಸ ಬಿಟ್ಟ ಅಧಿಕಾರಿಯಿಂದ 2 ಲಕ್ಷ ರೂಪಾಯಿ ಪಡೆಯುವ ವಿಜಯಾ ಬ್ಯಾಂಕಿನ ಷರತ್ತಿನ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಅಧಿಕಾರಿಯ ಪರ ನಿಂತಿತ್ತು. ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಆ ತೀರ್ಪನ್ನು ಬದಿಗಿಟ್ಟು ಷರತ್ತನ್ನು ಎತ್ತಿಹಿಡಿಯಿತು. ಅದು ಸರ್ಕಾರಿ ಬ್ಯಾಂಕಿನ ಸೇವಾ ಬಾಂಡ್‌ನ ವಿಷಯ, ಸ್ಥಳಾಂತರ ವೆಚ್ಚದ್ದಲ್ಲ. ಆದರೂ ಸಹಿ ಹಾಕಿದ ಷರತ್ತು ತಾನಾಗಿಯೇ ಬಿದ್ದುಹೋಗುವುದಿಲ್ಲ ಎಂಬುದಂತೂ ಅದರಿಂದ ಸ್ಪಷ್ಟ.

ಎಲ್ಲ ಸರಿಯಿದ್ದೂ ಹಣ ಬರದಿದ್ದರೆ? ಮೊದಲು ಕ್ಲೇಮ್ ಯಾರ ಬಳಿ ನಿಂತಿದೆ ಎಂದು ಪೋರ್ಟಲ್‌ನಲ್ಲಿ ನೋಡಿ, ಆ ವ್ಯಕ್ತಿಗೇ ಬರೆಯಬೇಕು. ಒಂದು ಸಂಬಳದ ಸುತ್ತು ಕಳೆದರೂ ಉತ್ತರವಿಲ್ಲದಿದ್ದರೆ ಅದೇ ಮೇಲ್ ಸರಪಳಿಯಲ್ಲಿ ಎಚ್‌ಆರ್ ಮುಖ್ಯಸ್ಥರನ್ನೂ ಹಣಕಾಸು ವಿಭಾಗದವರನ್ನೂ ಸೇರಿಸಬೇಕು. ಆಫರ್ ಲೆಟರ್‌ನ ಪುಟ, ಸಲ್ಲಿಸಿದ ದಿನ, ಮೊತ್ತ, ಇಷ್ಟನ್ನೇ ಹೇಳಬೇಕು. ಕೋಪದ ಮಾತು ಬೇಡ, ವಕೀಲರ ಹೆಸರೂ ಆಗಲೇ ಬೇಡ. ಕೆಲಸ ಬಿಡುವ ಸಂದರ್ಭ ಬಂದರೆ ಈ ಬಾಕಿಯನ್ನು ಫೈನಲ್ ಸೆಟ್ಲ್‌ಮೆಂಟ್‌ನಲ್ಲಿ ಸೇರಿಸಿ ಎಂದು ಬರೆದುಕೊಡಬೇಕು. ‘ಯಾವ ಬಾಕಿಯೂ ಇಲ್ಲ’ ಎಂಬ ಕಾಗದಕ್ಕೆ ಅದಕ್ಕೂ ಮೊದಲು ಸಹಿ ಹಾಕಬಾರದು.

ಕಾರ್ಮಿಕ ಇಲಾಖೆಗೆ ದೂರು ಕೊಡುತ್ತೇನೆ ಎನ್ನುವವರು ಒಂದು ವಿಷಯ ತಿಳಿದಿರಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ವ್ಯಾಖ್ಯೆಯಲ್ಲಿ ಪ್ರಯಾಣ ರಿಯಾಯಿತಿ, ಕೆಲಸದ ಸ್ವರೂಪದಿಂದ ಬರುವ ವಿಶೇಷ ಖರ್ಚಿನ ಹಣ ಮುಂತಾದವು ‘ವೇತನ’ದ ಹೊರಗಿವೆ. ಇದು ವೇತನವಲ್ಲ ಎಂದು ಕಂಪನಿ ವಾದಿಸಲು ಅವಕಾಶವಿದೆ. ಆಗ ಉಳಿಯುವುದು ಒಪ್ಪಂದ ಉಲ್ಲಂಘನೆಯ ಸಿವಿಲ್ ದಾವೆ. ಅದಕ್ಕೆ 1963ರ ಪರಿಮಿತಿ ಕಾಯ್ದೆಯ ಪ್ರಕಾರ ಮೂರು ವರ್ಷ ಸಮಯವಿದೆ. 75,000ಕ್ಕಾಗಿ ಕೋರ್ಟ್ ಮೆಟ್ಟಿಲು ಹತ್ತುವವರು ಕಡಿಮೆ, ಆದರೆ ದಾಖಲೆ ಸರಿಯಿರುವ ಒಂದು ಲಾಯರ್ ನೋಟಿಸ್‌ಗೆ ಕಂಪನಿಗಳು ಹಣ ಪಾವತಿಸಿ ಕೈತೊಳೆದುಕೊಳ್ಳುವುದೂ ಇದೆ.

ನಮ್ಮ ಎಂಜಿನಿಯರ್ ಆಗಸ್ಟ್ 1ರಂದು ತಿದ್ದಿದ ಸಾಗಣೆ ಬಿಲ್ ಮತ್ತು ಬ್ರೋಕರ್‌ನ ರಸೀದಿ ಸೇರಿಸಿ ಹಳೆಯ ಸಂಖ್ಯೆಯಲ್ಲೇ ಕ್ಲೇಮ್ ಸಲ್ಲಿಸಿದರೆ, ಕಟ್‌ಆಫ್‌ಗೆ ಇನ್ನೂ ಹತ್ತೊಂಬತ್ತು ದಿನ ಇರುತ್ತದೆ. ಆಗಸ್ಟ್ ಸಂಬಳದಲ್ಲಿ ಪೂರ್ತಿ 75,000 ಬರುತ್ತದೆ.

ಈ ಲೇಖನ ಓದುತ್ತಿರುವವರಲ್ಲಿ ಯಾರ ಕೈಯಲ್ಲಾದರೂ ಬೇರೆ ಊರಿನ ಆಫರ್ ಲೆಟರ್ ಇದ್ದು, ರಾಜೀನಾಮೆ ಇನ್ನೂ ಕೊಟ್ಟಿಲ್ಲವಾದರೆ, ಇವತ್ತೇ ಆ ಪತ್ರ ತೆರೆದು ಸ್ಥಳಾಂತರದ ಪ್ಯಾರಾ ಹುಡುಕಿ. ಮೊತ್ತ, ಗಡುವು, ತೆರಿಗೆ, ಮರುಪಾವತಿ, ಈ ನಾಲ್ಕರಲ್ಲಿ ಯಾವುದು ಇಲ್ಲವೋ ಅದನ್ನು ಮೇಲ್‌ನಲ್ಲಿ ಕೇಳಿ. ಉತ್ತರ ಬರುವವರೆಗೆ ರಾಜೀನಾಮೆ ಕಳಿಸಬೇಡಿ.